‘ಕೊಡಬೇಕು’, ‘ಕೊಡಬೇಡಿ’: ಕಡಿಮೆ ಓದಿದವರಿಗಾಗಿ ಆರೋಗ್ಯ ಕರಪತ್ರ ತಿದ್ದುವ ಬಗೆ

ಆರೋಗ್ಯ ಕರಪತ್ರಗಳ ಬಗ್ಗೆ ಒಟ್ಟಾಗಿ ಮಾತಾಡಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ಅದಕ್ಕೇ ಇವತ್ತು ಒಂದೇ ಕರಪತ್ರ ಹಿಡಿದುಕೊಳ್ಳೋಣ. ಮಕ್ಕಳಿಗೆ ಭೇದಿಯಾದಾಗ ಓಆರ್‌ಎಸ್ ಮತ್ತು ಜಿಂಕ್ ಮಾತ್ರೆ ಕೊಡುವ ಬಗ್ಗೆ ಇರುವ ಕರಪತ್ರ ಅದು. ಮಳೆಗಾಲಕ್ಕೆ ಮುಂಚೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚುವಂಥದ್ದು, ನಿಮ್ಮಲ್ಲಿ ಬಹಳ ಮಂದಿ ಇಂಥ ಒಂದನ್ನಾದರೂ ಬರೆದಿರುತ್ತೀರಿ ಅಥವಾ ತಿದ್ದಿರುತ್ತೀರಿ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇದನ್ನು ಓದಿದವರು ತಾವೇ ಮನೆಯಲ್ಲಿ ಅಳೆದು, ಕಲಸಿ, ಕುಡಿಸಬೇಕು. ಒಂದು ವಾಕ್ಯ ತಪ್ಪಾಗಿ ಅರ್ಥವಾದರೆ ಅದು ನೇರವಾಗಿ ಮಗುವಿನ ಲೋಟದಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲು ಓದುವವರು ಯಾರು ಅಂತ ನೋಡೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇಕಡ 75ರ ಆಸುಪಾಸು, ಹೆಂಗಸರಲ್ಲಿ ಶೇಕಡ 68. ಯಾದಗಿರಿ ಜಿಲ್ಲೆಯಲ್ಲಿ ಗಂಡಸರು ಹೆಂಗಸರು ಸೇರಿಯೇ ಸುಮಾರು 52. ಆದರೆ ಕರಪತ್ರ ಬರೆಯುವವರಿಗೆ ಈ ಅಂಕಿಗಳು ಅರ್ಧ ಸತ್ಯ ಮಾತ್ರ ಹೇಳುತ್ತವೆ. ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲರು ಅಂದರೆ ಜನಗಣತಿ ಅವರನ್ನು ಸಾಕ್ಷರರು ಅಂತ ಎಣಿಸುತ್ತದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಹದಿನೈದು ವರ್ಷದಿಂದ ಬಸ್ಸಿನ ಬೋರ್ಡು, ರೇಷನ್ ಚೀಟಿ ಬಿಟ್ಟರೆ ಬೇರೇನೂ ಓದದ ತಾಯಿ ಆ ಲೆಕ್ಕದಲ್ಲಿ ಸಾಕ್ಷರೆಯೇ. ಅವಳಿಗೆ ಓದಲು ಬರುತ್ತದೆ. ಆದರೆ ಅಕ್ಷರ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ನಮ್ಮ ಕರಪತ್ರ ಅವಳಿಗಾಗಿ.

ಇನ್ನೊಬ್ಬ ಓದುಗನೂ ಇದ್ದಾನೆ. ಬಹಳ ಮನೆಗಳಲ್ಲಿ ಕರಪತ್ರ ಬಂದ ಕೂಡಲೇ ಐದನೆಯ ತರಗತಿಯ ಹುಡುಗನನ್ನೋ ಹುಡುಗಿಯನ್ನೋ ಕರೆದು ‘ಏನ್ ಬರ್ದೈತಿ ಓದು’ ಅನ್ನುತ್ತಾರೆ. ಮಗು ಗಟ್ಟಿಯಾಗಿ ಓದುತ್ತದೆ, ತಾಯಿಯೋ ಅಜ್ಜಿಯೋ ಕೇಳುತ್ತಾರೆ. ಹಾಗಾಗಿ ನಮ್ಮ ಬರಹ ಕಿವಿಗೂ ಒಗ್ಗಬೇಕು. ‘ಮಿ.ಲೀ.’ ಎಂದು ಬರೆದರೆ ಮಗು ‘ಮಿ ಲೀ’ ಎಂದೇ ಓದುತ್ತದೆ. ಕಂಸದೊಳಗೆ ಬರೆದದ್ದು ವಾಕ್ಯದ ನಡುವೆ ಸಿಕ್ಕಿಕೊಂಡು ಕೇಳುವವರ ದಾರಿ ತಪ್ಪಿಸುತ್ತದೆ. ‘ತಾಯಿ/ಪೋಷಕರು’ ಅಂತ ಓರೆಗೆರೆ ಹಾಕಿದರೆ ಅದನ್ನು ಓದುವುದು ಹೇಗೆ ಅಂತ ದೊಡ್ಡವರಿಗೂ ಗೊತ್ತಿಲ್ಲ.

ಈಗ ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ಮಾದರಿಯ ಒಂದು ವಾಕ್ಯ ತೆಗೆದುಕೊಳ್ಳೋಣ. ಉದಾಹರಣೆಗೆಂದೇ ಬರೆದದ್ದು, ಆದರೆ ಧಾಟಿ ನಿಮಗೆ ಗುರುತು ಸಿಗುತ್ತದೆ:

‘ಅತಿಸಾರದಿಂದ ಬಳಲುತ್ತಿರುವ ಶಿಶುಗಳಲ್ಲಿ ಉಂಟಾಗಬಹುದಾದ ನಿರ್ಜಲೀಕರಣವನ್ನು ತಡೆಗಟ್ಟುವ ನಿಟ್ಟಿನಲ್ಲಿ, ಶುದ್ಧೀಕರಿಸಿದ ಒಂದು ಲೀಟರ್ ನೀರಿನಲ್ಲಿ ಓ.ಆರ್.ಎಸ್. ಪೊಟ್ಟಣವನ್ನು ಸಂಪೂರ್ಣವಾಗಿ ಕರಗಿಸಿ ತಯಾರಿಸಿದ ದ್ರಾವಣವನ್ನು ಪ್ರತಿ ಬಾರಿ ಮಲವಿಸರ್ಜನೆಯ ನಂತರ ವಯೋಮಾನಕ್ಕನುಗುಣವಾಗಿ ನೀಡತಕ್ಕದ್ದು ಹಾಗೂ ಇಪ್ಪತ್ನಾಲ್ಕು ಗಂಟೆಗಳೊಳಗೆ ಬಳಸದೆ ಉಳಿದ ದ್ರಾವಣವನ್ನು ಉಪಯೋಗಿಸಬಾರದು.’

ವ್ಯಾಕರಣದಲ್ಲಿ ತಪ್ಪಿಲ್ಲ, ವೈದ್ಯಕೀಯವಾಗಿಯೂ ತಪ್ಪಿಲ್ಲ. ಪದಗಳನ್ನು ಎಣಿಸಿದರೆ ಮೂವತ್ತು. ಇಷ್ಟು ಉದ್ದ ಕಷ್ಟ ಅಂತ ಯಾರಾದರೂ ಹೇಳುತ್ತಾರೆ. ಆದರೆ ಕನ್ನಡದಲ್ಲಿ ಪದ ಎಣಿಸಿದರೆ ಸಾಲದು. ಕ್ರಿಯೆಗಳನ್ನು ಎಣಿಸಬೇಕು. ಬಳಲುತ್ತಿರುವ, ಉಂಟಾಗಬಹುದಾದ, ತಡೆಗಟ್ಟುವ, ಶುದ್ಧೀಕರಿಸಿದ, ಕರಗಿಸಿ, ತಯಾರಿಸಿದ, ನೀಡತಕ್ಕದ್ದು, ಬಳಸದೆ, ಉಳಿದ, ಉಪಯೋಗಿಸಬಾರದು. ಹತ್ತು ಕ್ರಿಯೆಗಳು ಒಂದೇ ವಾಕ್ಯದಲ್ಲಿ. ಅವುಗಳಲ್ಲಿ ತಾಯಿ ಮಾಡಬೇಕಾದವು ಯಾವುವು, ರೋಗ ಮಾಡುವುದು ಯಾವುದು ಎಂದು ಬೇರ್ಪಡಿಸುವ ಕೆಲಸವನ್ನು ನಾವು ಓದುಗರ ತಲೆಗೆ ಹಾಕಿದ್ದೇವೆ.

ಕನ್ನಡದಲ್ಲಿ ಇದು ಇನ್ನಷ್ಟು ಭಾರವಾಗಲು ಒಂದು ಕಾರಣವಿದೆ. ನಮ್ಮ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ಕೊನೆಗೆ ಬರುತ್ತದೆ. ಏನು ಮಾಡಬೇಕು ಅನ್ನುವುದು ತಿಳಿಯುವ ತನಕ ಅದಕ್ಕೆ ಮುಂಚೆ ಬಂದದ್ದನ್ನೆಲ್ಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಸರಾಗವಾಗಿ ಓದುವವರು ಮೂವತ್ತು ಪದ ದಾಟಲು ಹತ್ತು ಹನ್ನೆರಡು ಸೆಕೆಂಡು ಸಾಕು, ಹಿಡಿದಿಟ್ಟುಕೊಳ್ಳುವುದು ಕಷ್ಟವಲ್ಲ. ಅಕ್ಷರ ಕೂಡಿಸಿ ಓದುವವಳು ‘ನಿರ್ಜಲೀಕರಣವನ್ನು’ ಎಂಬ ಒಂದೇ ಪದದಲ್ಲಿ ಅಷ್ಟು ಹೊತ್ತು ಕಳೆಯುತ್ತಾಳೆ. ‘ನೀಡತಕ್ಕದ್ದು’ ಬರುವ ಹೊತ್ತಿಗೆ ಏನನ್ನು ನೀಡಬೇಕು ಅನ್ನುವುದು ಕೈ ಬಿಟ್ಟು ಹೋಗಿರುತ್ತದೆ. ಬುದ್ಧಿ ಕಡಿಮೆ ಅಂತ ಅಲ್ಲ. ಅವಳ ಗಮನವೆಲ್ಲ ಅಕ್ಷರ ಬಿಡಿಸುವುದರಲ್ಲಿ ಖರ್ಚಾಗುತ್ತಿದೆ, ಅರ್ಥಕ್ಕೆ ಉಳಿಯುವುದು ಸ್ವಲ್ಪವೇ.

ಆದ್ದರಿಂದ ಕೆಲಸಕ್ಕೆ ಬರುವ ಅಳತೆ ಇದು: ಒಂದು ವಾಕ್ಯಕ್ಕೆ ಒಂದು ಕ್ರಿಯೆ. ಅನಿವಾರ್ಯವಾದರೆ ಎರಡು, ಆದರೆ ಅವೆರಡೂ ನಡೆಯುವ ಕ್ರಮದಲ್ಲೇ ಬರಬೇಕು. ‘ಪುಡಿ ಕರಗುವ ತನಕ ತಿರುವಿ’ ಅನ್ನಬಹುದು, ಏಕೆಂದರೆ ಕಣ್ಣಿಗೆ ಕಾಣುವ ಒಂದೇ ಕೆಲಸ ಅದು. ಕ್ರಿಯೆಗಳನ್ನು ಹೀಗೆ ಬಿಡಿಸಿದರೆ ಪದಗಳು ತಾವಾಗಿಯೇ ಏಳೆಂಟರೊಳಗೆ ಬರುತ್ತವೆ. ಪದ ಕಡಿಮೆ ಮಾಡಲೆಂದು ಹೊರಟವರು ಮಾತ್ರ ಸಾಮಾನ್ಯವಾಗಿ ಸಂಧಿ ಸಮಾಸಗಳ ಮೊರೆ ಹೋಗುತ್ತಾರೆ. ‘ವಯೋಮಾನಕ್ಕೆ ಅನುಗುಣವಾಗಿ’ ಎರಡು ಪದ. ‘ವಯೋಮಾನಕ್ಕನುಗುಣವಾಗಿ’ ಎಂದರೆ ಒಂದೇ. ಲೆಕ್ಕ ಇಳಿಯಿತು, ಓದು ಕಷ್ಟವಾಯಿತು. ಪದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂಬ ಗುರುತನ್ನೇ ಆ ಸಂಧಿ ಅಳಿಸಿಬಿಟ್ಟಿತು.

ಇಲ್ಲಿ ಒಂದು ಪಕ್ಕದ ಮಾತು. ಇಂಗ್ಲಿಷಿನಲ್ಲಿ ಓದಿನ ಸುಲಭತೆ ಅಳೆಯಲು ಸೂತ್ರಗಳಿವೆ. 1948ರಲ್ಲಿ ಬಂದ ಫ್ಲೆಶ್ ಸೂತ್ರ ಬಹಳ ಬಳಕೆಯಲ್ಲಿದೆ. ಒಂದು ವಾಕ್ಯಕ್ಕೆ ಎಷ್ಟು ಪದ, ಒಂದು ಪದಕ್ಕೆ ಎಷ್ಟು ಉಚ್ಚಾರದ ತುಂಡು ಎಂದು ಅದು ಲೆಕ್ಕ ಹಾಕುತ್ತದೆ. ಅದನ್ನು ಹಾಗೇ ಕನ್ನಡಕ್ಕೆ ತಂದು ಅಂಕ ಕೊಡುವವರಿದ್ದಾರೆ. ‘ಮನೆಯವರಿಗೂ’ ಎಂಬಲ್ಲಿ ಆರು ಅಕ್ಷರವಿದೆ, ಯಾವ ಅಜ್ಜಿಗೂ ಕಷ್ಟವಿಲ್ಲ. ‘ದ್ರವ’ದಲ್ಲಿ ಎರಡೇ ಅಕ್ಷರ, ಅದು ಕಷ್ಟ. ನಮ್ಮ ಭಾಷೆಯಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡು ಪದ ಉದ್ದವಾಗುತ್ತದೆ, ಅದು ಹುಟ್ಟಿದಂದಿನಿಂದ ಕೇಳಿದ ಉದ್ದ. ಆ ಸೂತ್ರದ ಅಂಕ ನೋಡಿ ಕರಪತ್ರಕ್ಕೆ ಒಪ್ಪಿಗೆ ಕೊಡಬೇಡಿ.

ಕಷ್ಟ ಬರುವುದು ಎರಡು ಕಡೆಯಿಂದ. ಒಂದು, ಪದವೇ ಪರಿಚಯವಿಲ್ಲ. ಇನ್ನೊಂದು, ಪದ ಗೊತ್ತಿದ್ದರೂ ಬರೆದ ರೂಪ ತೊಡಕು. ಎರಡನೆಯದನ್ನು ನಾವು ಮರೆಯುತ್ತೇವೆ. ‘ಅಕ್ಕ’, ‘ಹಣ್ಣು’, ‘ಮಕ್ಕಳು’ ಇವುಗಳಲ್ಲಿ ಒತ್ತಕ್ಷರ ಇದೆ, ಆದರೆ ಅದೇ ಅಕ್ಷರದ ಒತ್ತು. ಇವು ತೊಂದರೆ ಕೊಡುವುದಿಲ್ಲ. ‘ದ್ರಾವಣ’, ‘ಶುದ್ಧೀಕರಿಸಿದ’, ‘ಮಲವಿಸರ್ಜನೆ’ ಇವುಗಳಲ್ಲಿ ಬೇರೆ ಬೇರೆ ಅಕ್ಷರ ಕೂಡಿವೆ. ಅದರಲ್ಲೂ ಅರ್ಕಾವತ್ತು. ‘ನಿರ್ಜಲ’ ಎಂದು ಹೇಳುವಾಗ ರಕಾರ ಮೊದಲು, ಜಕಾರ ಆಮೇಲೆ. ಬರೆಯುವಾಗ ಕಣ್ಣಿಗೆ ಕಾಣುವುದು ಜಕಾರ ಮೊದಲು, ಅರ್ಕಾವತ್ತು ಆಮೇಲೆ. ಓದಿನ ರೂಢಿ ತಪ್ಪಿದವರು ಅಲ್ಲಿಗೆ ಬಂದು ನಿಲ್ಲುತ್ತಾರೆ, ಹಿಂದೆ ಹೋಗುತ್ತಾರೆ, ಇಲ್ಲವೇ ಅಂದಾಜಿನ ಮೇಲೆ ಬೇರೇನೋ ಓದಿಬಿಡುತ್ತಾರೆ.

ಈಗ ಪದಗಳಿಗೆ ಬರೋಣ. ‘ಅತಿಸಾರ’ ಪತ್ರಿಕೆಗಳಲ್ಲಿ ‘ಅತಿಸಾರ ಭೇದಿ’ ಎಂದು ಬರುವುದನ್ನು ನೋಡಿರುತ್ತೀರಿ. ಎರಡಕ್ಕೂ ಅರ್ಥ ಒಂದೇ. ಮೊದಲ ಪದ ಜನರಿಗೆ ತಿಳಿಯುವುದಿಲ್ಲ ಅಂತಲೇ ಎರಡನೆಯದನ್ನು ಸೇರಿಸಿದ್ದು. ಹಾಗಿದ್ದರೆ ‘ಭೇದಿ’ ಒಂದೇ ಸಾಕು. ‘ಶಿಶು’ ಬೇಡ, ‘ಮಗು’ ಅನ್ನಿ. ‘ದ್ರಾವಣ’ ಬೇಡ, ‘ಓಆರ್‌ಎಸ್ ನೀರು’ ಅನ್ನಿ. ‘ನೀಡತಕ್ಕದ್ದು’, ‘ಸೇವಿಸುವುದು’ ಇವು ಸುತ್ತೋಲೆಯ ಭಾಷೆ. ‘ಕುಡಿಸಿ’ ಅನ್ನಿ. ‘ಕುಡಿಯಿರಿ’ ಅಲ್ಲ, ಗಮನಿಸಿ. ಕುಡಿಯಬೇಕಾದ್ದು ಮಗು, ಓದುತ್ತಿರುವುದು ತಾಯಿ. ಯಾರು ಯಾರಿಗೆ ಮಾಡಬೇಕು ಅನ್ನುವುದು ಆ ‘ಸು’ಕಾರದಲ್ಲಿದೆ. ಅಂಥ ಅನುಕೂಲ ನಮ್ಮ ಭಾಷೆಯಲ್ಲಿ ಇರುವಾಗ ಬಳಸಿಕೊಳ್ಳಬೇಕು.

ಇಂಗ್ಲಿಷಿನಿಂದ ಬಂದ ಪದಗಳನ್ನು ಕಂಡರೆ ನಮ್ಮಲ್ಲಿ ಕೆಲವರಿಗೆ ಮುಜುಗರ. ಜಿಂಕ್‌ಗೆ ‘ಸತು’ ಎಂಬ ಕನ್ನಡ ಪದವಿದೆ, ನಿಜ. ಆದರೆ ಆಶಾ ಕಾರ್ಯಕರ್ತೆ ಕೈಗೆ ಕೊಡುವಾಗ ‘ಜಿಂಕ್ ಮಾತ್ರೆ’ ಅನ್ನುತ್ತಾರೆ. ಕರಪತ್ರದಲ್ಲಿ ‘ಸತುವಿನ ಗುಳಿಗೆ’ ಎಂದಿದ್ದರೆ ಅದು ಬೇರೆಯೇ ಒಂದು ಔಷಧಿ ಅಂತ ಆಗುತ್ತದೆ. ಬಾಯಲ್ಲಿ ಹೇಳುವ ಹೆಸರೇ ಕಾಗದದಲ್ಲೂ ಇರಬೇಕು. ಒಮ್ಮೆ ‘ಪೊಟ್ಟಣ’ ಎಂದರೆ ಕೊನೆಯವರೆಗೂ ಪೊಟ್ಟಣ. ಎರಡನೆಯ ಸಲ ‘ಸ್ಯಾಶೆ’, ಮೂರನೆಯ ಸಲ ‘ಪ್ಯಾಕೆಟ್’ ಅಂತ ಬದಲಾಯಿಸಿದರೆ ಮೂರು ಬೇರೆ ಬೇರೆ ವಸ್ತು ಅಂದುಕೊಳ್ಳುತ್ತಾರೆ. ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಕಲಿಸಿರುತ್ತಾರೆ, ಇಲ್ಲಿ ಆ ಪಾಠ ಮರೆಯಬೇಕು.

ಚಿಕ್ಕ ಪದ, ಬಳಕೆಯ ಪದ ಅಂತ ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ‘ನೀರು ಕುದಿಸಿ ಆರಿಸಿ’ ಎಂದು ಬರೆಯುವುದುಂಟು. ತಣ್ಣಗೆ ಮಾಡುವುದಕ್ಕೂ ಆರಿಸು, ಒಲೆ ನಂದಿಸುವುದಕ್ಕೂ ಆರಿಸು, ಅಕ್ಕಿಯಲ್ಲಿ ಕಲ್ಲು ಹೆಕ್ಕುವುದಕ್ಕೂ ಆರಿಸು. ಒಲೆ ನಂದಿಸಿ ಬಿಸಿ ನೀರಿಗೇ ಪುಡಿ ಹಾಕಿದರೆ ನಾವು ಬರೆದದ್ದನ್ನೇ ಮಾಡಿದಂತಾಯಿತು. ‘ಆರಲು ಬಿಡಿ’ ಎಂದರೆ ಈ ಗೊಂದಲ ಇಲ್ಲ.

ಊರಿಂದೂರಿಗೆ ಪದ ಬದಲಾಗುವ ಪ್ರಶ್ನೆಯೂ ಇದೆ. ಮೈಸೂರು ಕಡೆ ‘ಭೇದಿ’, ಕಲಬುರಗಿ, ವಿಜಯಪುರ ಕಡೆ ‘ಜುಲಾಬು’ ಅಂದರೆ ಬೇಗ ತಿಳಿಯುತ್ತದೆ, ‘ಸಂಡಾಸ’ ಎನ್ನುವವರೂ ಇದ್ದಾರೆ. ಮಗುವಿಗೆ ‘ಕೂಸು’ ಎನ್ನುತ್ತಾರೆ. ಇಂಥ ನಾಮಪದಗಳನ್ನು ಆಯಾ ಜಿಲ್ಲೆಗೆ ತಕ್ಕಂತೆ ಬದಲಾಯಿಸಿ. ಆದರೆ ಕ್ರಿಯಾಪದಗಳನ್ನು ‘ಮಾಡ್ರಿ’, ‘ಕುಡಸ್ರಿ’ ಎಂದು ಪೂರ್ತಿ ಆಡುಮಾತಿನಲ್ಲಿ ಬರೆಯಲು ಹೋಗಬೇಡಿ. ಆಡುವಾಗ ಅದು ಸಹಜ. ಓದಲು ಕಲಿತದ್ದು ಪಠ್ಯಪುಸ್ತಕದ ‘ಮಾಡಿ’, ‘ಕುಡಿಸಿ’ಯಲ್ಲಿ. ಕಣ್ಣಿಗೆ ಹೊಸದಾದ ರೂಪ ಕಂಡರೆ ಓದು ಇನ್ನೂ ನಿಧಾನವಾಗುತ್ತದೆ.

ಇನ್ನು ‘ನಿರ್ಜಲೀಕರಣ’. ಇದಕ್ಕೆ ಸುಲಭದ ಪದ ಹುಡುಕುತ್ತಾ ಕೂರುವುದು ದಂಡ. ತಾಯಿಗೆ ಬೇಕಾದ್ದು ಹೆಸರಲ್ಲ, ಗುರುತು. ‘ಕಣ್ಣು ಗುಳಿ ಬಿದ್ದಿದೆ. ಮಗು ಮಂಕಾಗಿದೆ. ಕುಡಿಯಲು ಆಗುತ್ತಿಲ್ಲ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ. ಕಕ್ಕದಲ್ಲಿ ರಕ್ತ ಇದೆ.’ ಇವುಗಳಲ್ಲಿ ಒಂದು ಕಂಡರೂ ‘ಈಗಲೇ ಆಸ್ಪತ್ರೆಗೆ ಹೋಗಿ’. ಕೊನೆಯ ಗುರುತು ನೀರು ಕಡಿಮೆಯಾದದ್ದರ ಲಕ್ಷಣವಲ್ಲ, ಅದು ಬೇರೆ ಕಾಯಿಲೆಯ ಸೂಚನೆ. ಓದುಗರಿಗೆ ಆ ಭೇದ ಬೇಕಿಲ್ಲ, ಮಾಡಬೇಕಾದ್ದು ಎರಡಕ್ಕೂ ಒಂದೇ. ನಾವು ಕಲಿತ ವರ್ಗೀಕರಣವನ್ನು ಅವರ ಮೇಲೆ ಹೊರಿಸಬಾರದು.

ಈಗ ಶೀರ್ಷಿಕೆಯ ವಿಷಯ. ಈ ಎರಡು ಪದ ನೋಡಿ: ‘ಕೊಡಬೇಕು’, ‘ಕೊಡಬೇಡಿ’. ನಾಲ್ಕು ಅಕ್ಷರಗಳಲ್ಲಿ ಮೂರು ಒಂದೇ. ಅರ್ಥ ಪೂರ್ತಿ ತಿರುಗುವುದು ಕೊನೆಯ ಅಕ್ಷರದಲ್ಲಿ. ನಿಧಾನವಾಗಿ ಓದುವವರು ಪದದ ಮೊದಲ ಭಾಗ ಬಿಡಿಸಿ ಉಳಿದದ್ದನ್ನು ಊಹಿಸುವುದು ಸಾಮಾನ್ಯ. ಊಹೆ ಯಾವ ಕಡೆ ಹೋಗುತ್ತದೆ? ಕರಪತ್ರ ಅಂದರೆ ಏನೋ ಮಾಡಲು ಹೇಳುವ ಕಾಗದ, ಆದ್ದರಿಂದ ‘ಬೇಕು’ ಕಡೆಗೆ. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಬಾಲದಲ್ಲಿ, ಕ್ರಿಯಾಪದ ವಾಕ್ಯದ ಬಾಲದಲ್ಲಿ. ಅತಿ ಮುಖ್ಯ ಸುದ್ದಿಯನ್ನು ನಾವು ಓದುಗರು ಅತ್ಯಂತ ದಣಿದಿರುವ ಜಾಗದಲ್ಲಿ ಇಟ್ಟಂತಾಯಿತು.

ಆದ್ದರಿಂದ ಸಾಧ್ಯವಾದಲ್ಲೆಲ್ಲ ಮಾಡಬೇಕಾದ್ದನ್ನೇ ಹೇಳಿ. ‘ಭೇದಿ ಇದ್ದಾಗ ಎದೆಹಾಲು ನಿಲ್ಲಿಸಬೇಡಿ’ ಎಂಬ ವಾಕ್ಯದಲ್ಲಿ ಕೊನೆಯ ಪದದ ಬಾಲ ತಪ್ಪಿದರೆ ಉಳಿಯುವುದು ‘ಎದೆಹಾಲು ನಿಲ್ಲಿಸ...’ ಎಂಬ ತುಂಡು. ಅದು ನಾವು ಹೇಳಬೇಕೆಂದಿದ್ದರ ತದ್ವಿರುದ್ಧ. ‘ಎದೆಹಾಲು ಕೊಡುತ್ತಲೇ ಇರಿ’ ಎಂದು ಬರೆದರೆ ಅರ್ಧ ಓದಿದರೂ ಸರಿಯಾದದ್ದೇ ಉಳಿಯುತ್ತದೆ. ‘ಕುದಿಸದ ನೀರು ಬಳಸಬಾರದು’ ಎಂಬುದರಲ್ಲಿ ಎರಡು ನಿಷೇಧಗಳಿವೆ, ಒಂದು ಇನ್ನೊಂದನ್ನು ಹೊಡೆದು ಹಾಕಬೇಕು. ಅದನ್ನು ‘ಕುದಿಸಿದ ನೀರನ್ನೇ ಬಳಸಿ’ ಎಂದು ಮಾಡಿ. ನಮ್ಮ ಉದಾಹರಣೆಯ ‘ಬಳಸದೆ ಉಳಿದ ದ್ರಾವಣವನ್ನು ಉಪಯೋಗಿಸಬಾರದು’ ಕೂಡ ಇದೇ ಜಾತಿ. ಅಲ್ಲಿ ಬೇಕಾಗಿದ್ದ ಪದ ‘ಚೆಲ್ಲಿ’.

ನಿಷೇಧ ಹೇಳಲೇಬೇಕಾದ ಕಡೆ ಇದ್ದೇ ಇರುತ್ತದೆ. ಓಆರ್‌ಎಸ್ ನೀರಿಗೆ ಸಕ್ಕರೆ, ಹಾಲು, ಜ್ಯೂಸು ಸೇರಿಸಬಾರದು. ಆಗ ‘ಬೇಡ’ ಎಂಬುದನ್ನು ಮುಂದಕ್ಕೆ ತನ್ನಿ. ದಪ್ಪ ಅಕ್ಷರದಲ್ಲಿ ‘ಬೇಡ:’ ಎಂದು ಬರೆದು ಅದರ ಕೆಳಗೆ ಸಕ್ಕರೆ, ಹಾಲು, ಜ್ಯೂಸು ಎಂದು ಒಂದರ ಕೆಳಗೆ ಒಂದು ಹಾಕಿ. ಚಿತ್ರದ ಮೇಲೆ ಕೆಂಪು ಅಡ್ಡಗೆರೆ ಎಳೆದರೆ ಸಾಕು ಅಂದುಕೊಳ್ಳಬೇಡಿ. ಕೆಳಗಿನ ಚಿತ್ರ ಚೆನ್ನಾಗಿ ಕಂಡು ಗೆರೆ ಬರೀ ಅಲಂಕಾರದಂತೆ ಕಂಡರೆ ‘ಇದನ್ನ ಹಾಕ್ಬೇಕು’ ಅಂತಲೇ ಆಗುತ್ತದೆ.

ಇಷ್ಟೆಲ್ಲ ಇಟ್ಟುಕೊಂಡು ಆ ಮೂವತ್ತು ಪದದ ವಾಕ್ಯವನ್ನು ಬಿಡಿಸೋಣ.

‘ಮಗುವಿಗೆ ಭೇದಿ ಆಗುತ್ತಿದೆಯೇ?
ಭೇದಿಯಲ್ಲಿ ಮೈಯ ನೀರು ಹೊರಗೆ ಹೋಗುತ್ತದೆ.
ಹೋದ ನೀರನ್ನು ಓಆರ್‌ಎಸ್ ತುಂಬಿಕೊಡುತ್ತದೆ.
ನೀರು ಕುದಿಸಿ. ಆರಲು ಬಿಡಿ.
ಒಂದು ಲೀಟರ್ ಬಾಟಲಿ ತುಂಬ ಆ ನೀರು ಅಳೆಯಿರಿ.
ಅದನ್ನು ಶುಚಿಯಾದ ಪಾತ್ರೆಗೆ ಸುರಿಯಿರಿ.
ಒಂದು ಪೊಟ್ಟಣ ಒಡೆಯಿರಿ.
ಪುಡಿಯನ್ನೆಲ್ಲ ಒಂದೇ ಸಲ ನೀರಿಗೆ ಹಾಕಿ.
ಪುಡಿ ಕರಗುವ ತನಕ ಚಮಚದಲ್ಲಿ ತಿರುವಿ.
ಪ್ರತಿ ಸಲ ಭೇದಿ ಆದ ಮೇಲೆ ಮಗುವಿಗೆ ಕುಡಿಸಿ.
ಪಾತ್ರೆ ಮುಚ್ಚಿಡಿ.
ಇವತ್ತು ಬೆಳಿಗ್ಗೆ ಮಾಡಿದ್ದನ್ನು ನಾಳೆ ಬೆಳಿಗ್ಗೆ ಚೆಲ್ಲಿ.
ಮತ್ತೆ ಹೊಸದು ಮಾಡಿ.’

ಮೂವತ್ತು ಪದ ಇದ್ದದ್ದು ಐವತ್ತೆಂಟಾಯಿತು. ಒಂದು ವಾಕ್ಯ ಹದಿನಾಲ್ಕಾಯಿತು. ಇದನ್ನು ನೋಡಿ ಮುದ್ರಣದ ಖರ್ಚು ನೋಡಿಕೊಳ್ಳುವವರು ‘ಚಿಕ್ಕದು ಮಾಡಿ ಅಂದ್ರೆ ದೊಡ್ಡದು ಮಾಡಿದ್ದೀರಲ್ಲ’ ಎನ್ನುತ್ತಾರೆ. ಅವರಿಗೆ ಉತ್ತರ ಸಿದ್ಧವಾಗಿಟ್ಟುಕೊಳ್ಳಿ. ವಾಕ್ಯ ಚಿಕ್ಕದಾಗಬೇಕು, ಬರಹ ಚಿಕ್ಕದಾಗಬೇಕೆಂದಿಲ್ಲ. ಜಾಗ ಬೇಕಿದ್ದರೆ ವಿಷಯ ಬಿಡಿ. ಭೇದಿ ತರುವ ಸೂಕ್ಷ್ಮಾಣುಗಳ ಹೆಸರು, ಯೋಜನೆಯ ಇತಿಹಾಸ, ಗಣ್ಯರ ಭಾವಚಿತ್ರ ಇವು ಹೋಗಲಿ.

ಕೆಲವು ಕಡೆ ಯಾಕೆ ಹಾಗೆ ಬರೆದದ್ದು ಅಂತ ಹೇಳಬೇಕು. ‘ಪುಡಿಯನ್ನೆಲ್ಲ ಒಂದೇ ಸಲ’ ಅನ್ನುವುದು ಮೂಲದ ‘ಸಂಪೂರ್ಣವಾಗಿ ಕರಗಿಸಿ’ಯ ಜಾಗದಲ್ಲಿದೆ. ಮೂಲದಲ್ಲಿ ‘ಸಂಪೂರ್ಣ’ ಎಂಬುದು ಕರಗುವುದಕ್ಕೆ ಅಂಟಿದೆ, ಪುಡಿಯ ಪ್ರಮಾಣಕ್ಕೆ ಅಲ್ಲ. ಮಗು ಅಷ್ಟು ಕುಡಿಯುವುದಿಲ್ಲ ಅಂತ ಅರ್ಧ ಪೊಟ್ಟಣವನ್ನು ಕಣ್ಣಂದಾಜಿನಲ್ಲಿ ಒಂದು ಲೋಟಕ್ಕೆ ಹಾಕುವುದು ಬಹಳ ಕಡೆ ನಡೆಯುವ ತಪ್ಪು. ಒಂದು ಲೀಟರಿನ ಪುಡಿಯಲ್ಲಿ ಅರ್ಧ ಒಂದು ಲೋಟ ನೀರಿಗೆ ಬಿದ್ದರೆ ಅದು ಸುಮಾರು ಎರಡೂವರೆ ಪಟ್ಟು ಗಟ್ಟಿ, ಪೂರ್ತಿ ಬಿದ್ದರೆ ಸುಮಾರು ಐದು ಪಟ್ಟು. ಅಷ್ಟು ಗಟ್ಟಿ ಉಪ್ಪು ಸಕ್ಕರೆ ಹೊಟ್ಟೆಗೆ ಹೋದರೆ ಕರುಳು ಮೈಯ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಉಪ್ಪಿನಂಶ ಏರುತ್ತದೆ. ಆದ್ದರಿಂದ ಈ ಸಾಲಿಗೆ ಒಂದು ಪದ ಹೆಚ್ಚು ಖರ್ಚು ಮಾಡಿದರೂ ನಷ್ಟವಿಲ್ಲ.

‘ಇಪ್ಪತ್ನಾಲ್ಕು ಗಂಟೆಗಳೊಳಗೆ’ ಎಂಬುದನ್ನು ಬೆಳಿಗ್ಗೆಯಿಂದ ಬೆಳಿಗ್ಗೆಗೆ ಬದಲಾಯಿಸಿದ್ದೇವೆ. ಮಧ್ಯಾಹ್ನ ಮಾಡಿದ್ದನ್ನೂ ಆಕೆ ಮಾರನೆಯ ಬೆಳಿಗ್ಗೆಯೇ ಚೆಲ್ಲಬಹುದು. ಹಾಗಾದರೆ ಒಂದಿಷ್ಟು ಪುಡಿ ದಂಡವಾಯಿತು, ಮಗುವಿಗೆ ಅಪಾಯವಿಲ್ಲ. ಸುಲಭ ಮಾಡುವಾಗ ನಿಖರತೆ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಬಿಟ್ಟುಕೊಡುವುದಿದ್ದರೆ ತಪ್ಪಿದರೂ ಸುರಕ್ಷಿತವಾಗಿರುವ ಕಡೆಗೆ ಬಿಡಿ.

ಎಷ್ಟು ಕುಡಿಸಬೇಕು ಎನ್ನುವುದಕ್ಕೆ ಮೂಲ ‘ವಯೋಮಾನಕ್ಕನುಗುಣವಾಗಿ’ ಎಂದು ಕೈ ತೊಳೆದುಕೊಂಡಿತ್ತು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಎರಡು ವರ್ಷ ದಾಟಿದ ಮಗುವಿಗೆ 100ರಿಂದ 200. ಇದನ್ನು ಮನೆಯ ಅಳತೆಗೆ ತರಬೇಕು. 200 ಮಿಲಿಲೀಟರ್ ಹಿಡಿಯುವ ಲೋಟವಾದರೆ ಚಿಕ್ಕ ಮಗುವಿಗೆ ಕಾಲು ಲೋಟದಿಂದ ಅರ್ಧ ಲೋಟ, ದೊಡ್ಡ ಮಗುವಿಗೆ ಅರ್ಧದಿಂದ ಒಂದು. ಆದರೆ ಲೋಟ ಎಂದರೆ ಯಾವ ಲೋಟ? ಕಾಫಿ ಕುಡಿಯುವ ಸ್ಟೀಲ್ ಲೋಟ ಬೇರೆ, ನೀರಿನ ಲೋಟ ಬೇರೆ. ‘ಒಂದು ಲೀಟರ್ ಬಾಟಲಿಯಿಂದ ಐದು ಲೋಟ ತುಂಬಬೇಕು. ಅದೇ ಸರಿಯಾದ ಲೋಟ’ ಎಂದು ಬರೆದರೆ ತಾಯಿ ತನ್ನ ಮನೆಯ ಲೋಟವನ್ನು ತಾನೇ ಪರೀಕ್ಷಿಸಿಕೊಳ್ಳಬಹುದು. ಅಂಕಿಗಳನ್ನು 1, 2, 3 ರೂಪದಲ್ಲೇ ಹಾಕಿ. ನೋಟು, ಮೊಬೈಲು, ಔಷಧಿ ಪೊಟ್ಟಣ ಎಲ್ಲದರಲ್ಲೂ ಕಂಡು ರೂಢಿಯಾದದ್ದು ಅದೇ.

ಜಿಂಕ್ ಮಾತ್ರೆಯ ಭಾಗವನ್ನು ಬೇಗ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಓಆರ್‌ಎಸ್ ಜೊತೆಗೆ ಜಿಂಕ್ ಕೊಡಬೇಕೆಂದು ಜಂಟಿಯಾಗಿ ಹೇಳಿದವು. ನಮ್ಮಲ್ಲಿ 20 ಮಿಲಿಗ್ರಾಂ ಮಾತ್ರೆ, 14 ದಿನ. ಎರಡರಿಂದ ಆರು ತಿಂಗಳ ಮಗುವಿಗೆ ಅರ್ಧ ಮಾತ್ರೆ. ‘ಆರು ತಿಂಗಳಿಗಿಂತ ಕಡಿಮೆ ವಯಸ್ಸಿನ’ ಎಂಬ ಹೋಲಿಕೆಯ ಮಾತು ಬೇಡ. ‘ಆರು ತಿಂಗಳು ತುಂಬಿಲ್ಲವೇ? ಅರ್ಧ ಮಾತ್ರೆ. ತುಂಬಿದೆಯೇ? ಒಂದು ಮಾತ್ರೆ.’ ಎರಡು ತಿಂಗಳೂ ತುಂಬದ ಕೂಸನ್ನು ನೇರ ಆಸ್ಪತ್ರೆಗೆ ಕರೆದೊಯ್ಯಲು ಹೇಳುವ ಸಾಲು ಇವುಗಳಿಗಿಂತ ಮುಂಚೆಯೇ ಬರಲಿ. ಇಲ್ಲಿ ನಡೆಯುವ ತಪ್ಪು ಒಂದೇ: ಮೂರನೆಯ ದಿನ ಭೇದಿ ನಿಂತಿತು, ಮಾತ್ರೆಯೂ ನಿಂತಿತು. ‘ಪೂರ್ಣ ಅವಧಿಯವರೆಗೆ ಮುಂದುವರಿಸಿ’ ಎಂದರೆ ಅವಧಿ ಯಾವುದರದ್ದು, ರೋಗದ್ದೋ ಮಾತ್ರೆಯದ್ದೋ ತಿಳಿಯುವುದಿಲ್ಲ. ‘ಭೇದಿ ನಿಂತರೂ ಮಾತ್ರೆ ಕೊಡಿ. 14 ದಿನ ಕೊಡಿ’ ಎಂದು ಬರೆದು, ಕೆಳಗೆ ಹದಿನಾಲ್ಕು ಚೌಕ ಹಾಕಿ. ದಿನಕ್ಕೊಂದು ಗೀಟು ಎಳೆಯಲಿ.

ಸುಲಭ ಮಾಡುವಾಗ ಕಳೆದುಹೋಗುವ ಇನ್ನೊಂದು ಸಂಗತಿ ಇದೆ. ಬರಹದಲ್ಲಿ ಕಷ್ಟದ ಪದವೇ ಇಲ್ಲದಿದ್ದರೂ ಅದು ಓದುಗರ ಮನಸ್ಸಿನ ಪ್ರಶ್ನೆಗೆ ಉತ್ತರ ಕೊಡದಿರಬಹುದು. ನೀರು ನೀರಾಗಿ ಭೇದಿಯಾಗುತ್ತಿರುವಾಗ ಇನ್ನಷ್ಟು ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ ಎಂದು ಅನ್ನಿಸುವುದು ಸಹಜ. ಎರಡು ಸಲ ಕುಡಿಸಿ, ಭೇದಿ ನಿಲ್ಲಲಿಲ್ಲ ಅಂತ ಬಿಟ್ಟುಬಿಡುವುದೂ ಇದೇ ಕಾರಣಕ್ಕೆ. ಹಾಗಾಗಿ ಎರಡು ವಾಕ್ಯ ಸೇರಿಸಲೇಬೇಕು: ‘ಓಆರ್‌ಎಸ್ ಕುಡಿಸಿದ ಕೂಡಲೇ ಭೇದಿ ನಿಲ್ಲುವುದಿಲ್ಲ. ಆದರೆ ಮಗುವಿನ ಶಕ್ತಿ ಉಳಿಯುತ್ತದೆ.’ ವಾಂತಿಯಾದರೆ ಏನು ಮಾಡಬೇಕು ಅನ್ನುವುದೂ ಹಾಗೆಯೇ. ‘ಹತ್ತು ನಿಮಿಷ ತಡೆಯಿರಿ. ಮತ್ತೆ ಒಂದೊಂದೇ ಚಮಚ ಕುಡಿಸಿ.’ ಕರಡು ಮೊಟಕು ಮಾಡುವಾಗ ಮೊದಲು ಹೋಗುವುದೇ ಈ ಸಾಲುಗಳು. ಇವನ್ನು ಉಳಿಸಿಕೊಳ್ಳಲು ಹಟ ಹಿಡಿಯಿರಿ.

ಅಚ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಆದ್ದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಅಕ್ಷರ ಗಾತ್ರ ಹದಿನಾಲ್ಕಕ್ಕಿಂತ ಕಡಿಮೆ ಬೇಡ. ಪದವನ್ನು ಸಾಲಿನ ಕೊನೆಯಲ್ಲಿ ತುಂಡು ಮಾಡಬೇಡಿ. ಇಷ್ಟು ಸಾಕು.

ಕರಡು ಸಿದ್ಧವಾದ ಮೇಲೆ ಓದಿಸಿ ನೋಡುವುದು ಉಳಿದಿದೆ. ಕಚೇರಿಯ ಸಹೋದ್ಯೋಗಿಗೆ ತೋರಿಸಿದರೆ ಅದು ಪರೀಕ್ಷೆಯಲ್ಲ. ಅಂಗನವಾಡಿ ಕಾರ್ಯಕರ್ತೆಗೆ ತೋರಿಸಿದರೂ ಅಲ್ಲ, ಅವರಿಗೆ ವಿಷಯ ಮೊದಲೇ ಗೊತ್ತು. ಮೂರನೆಯದರಿಂದ ಏಳನೆಯ ತರಗತಿವರೆಗೆ ಓದಿದ, ಐದು ವರ್ಷದೊಳಗಿನ ಮಗು ಇರುವ ಐದಾರು ತಾಯಂದಿರು ಬೇಕು. ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಿ. ಸ್ವಸಹಾಯ ಸಂಘದ ಸಭೆಯಲ್ಲಿ ಎಲ್ಲರಿಗೂ ಒಟ್ಟಿಗೆ ಕೊಟ್ಟರೆ ಚೆನ್ನಾಗಿ ಓದುವ ಒಬ್ಬರು ಓದುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ‘ಅಕ್ಕ, ಪರೀಕ್ಷೆ ನಿಮಗಲ್ಲ, ಈ ಕಾಗದಕ್ಕೆ’ ಎಂದು ಮೊದಲೇ ಹೇಳಿ. ಗಟ್ಟಿಯಾಗಿ ಓದಲು ಕೇಳಿಕೊಂಡು, ನಿಮ್ಮ ಕೈಯಲ್ಲಿರುವ ಪ್ರತಿಯಲ್ಲಿ ಅವರು ನಿಂತ ಕಡೆ ಒಂದು ಚುಕ್ಕೆ, ಹಿಂದೆ ಹೋಗಿ ಓದಿದ ಕಡೆ ಒಂದು ಗೆರೆ, ಬೇರೆ ಪದ ಓದಿದರೆ ಆ ಪದವನ್ನೇ ಬರೆದುಕೊಳ್ಳಿ. ಇಬ್ಬರು ಒಂದೇ ಕಡೆ ನಿಂತರೆ ಆ ಜಾಗ ತಿದ್ದಬೇಕು. ಅವರು ಬಾಯಿತಪ್ಪಿ ಓದಿದ ಪದವೇ ಕೆಲವೊಮ್ಮೆ ನಾವು ಬರೆಯಬೇಕಾಗಿದ್ದ ಪದ.

‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ‘ಹೂಂ, ಆಯ್ತು’ ಎಂಬ ಉತ್ತರ ಮರ್ಯಾದೆಗೆ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ನಿಮ್ಮ ಪಕ್ಕದ ಮನೆಯವರಿಗೆ ಇದನ್ನ ಹೇಗೆ ಹೇಳ್ತೀರಿ?’ ಎಂದು ಕೇಳಿ. ಆಮೇಲೆ ಒಂದು ಪೊಟ್ಟಣ, ಎರಡು ಅಳತೆಯ ಬಾಟಲಿ, ಮೂರು ಬೇರೆ ಬೇರೆ ಲೋಟ, ಪಾತ್ರೆ, ಚಮಚ ಮುಂದಿಟ್ಟು ಕಾಗದ ನೋಡಿ ಮಾಡಲು ಕೊಡಿ. ಸುಮ್ಮನೆ ನೋಡುತ್ತಿರಿ, ನೆರವಿಗೆ ಹೋಗಬೇಡಿ. ಯಾವ ಬಾಟಲಿಗೆ ಕೈ ಹೋಯಿತು, ಪುಡಿ ಪೂರ್ತಿ ಬಿತ್ತೋ ಇಲ್ಲವೋ, ನೀರು ಮೊದಲೋ ಪುಡಿ ಮೊದಲೋ ಅಂತ ಬರೆದುಕೊಳ್ಳಿ. ಬಾಯಲ್ಲಿ ಸರಿಯಾಗಿ ಹೇಳಿದವರ ಕೈ ತಪ್ಪುವುದುಂಟು. ಕೈ ತಪ್ಪಿದ ಜಾಗಕ್ಕೆ ಸರಿಯಾದ ಸಾಲು ಹುಡುಕಿ, ತಿದ್ದಿ, ಬೇರೆ ಐದು ಜನರ ಮುಂದೆ ಮತ್ತೆ ಇಡಿ. ಮೊದಲಿನವರಿಗೇ ಮತ್ತೆ ಕೊಟ್ಟರೆ ಅವರು ಕಾಗದದಿಂದಲ್ಲ, ನೆನಪಿನಿಂದ ಮಾಡುತ್ತಾರೆ.

ಅಚ್ಚಿಗೆ ಕಳಿಸುವ ಮುಂಚೆ ಇನ್ನೊಂದು ಕೆಲಸವಿದೆ, ಇದು ಭಾಷೆಯದ್ದಲ್ಲ. ಆ ಜಿಲ್ಲೆಯಲ್ಲಿ ಈಗ ಹಂಚುತ್ತಿರುವ ಪೊಟ್ಟಣವನ್ನು ಕೈಗೆತ್ತಿಕೊಂಡು ಅದರ ಮೇಲೆ ಏನು ಬರೆದಿದೆ ಓದಿ. ಒಂದು ಲೀಟರಿಗೆ ಕಲಸುವ ಪೊಟ್ಟಣದಲ್ಲಿ ಸುಮಾರು 20 ಗ್ರಾಂ ಪುಡಿ ಇರುತ್ತದೆ. ಅಂಗಡಿಗಳಲ್ಲಿ 200 ಮಿಲಿಲೀಟರಿಗೆ ಕಲಸುವ, ಸುಮಾರು 4 ಗ್ರಾಂನ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಚಿಕ್ಕದನ್ನು ಹಿಡಿದ ತಾಯಿ ನಮ್ಮ ಕರಪತ್ರವನ್ನು ಒಂದಕ್ಷರ ಬಿಡದೆ ಪಾಲಿಸಿದರೆ ಐದು ಪಟ್ಟು ತೆಳುವಾದ ನೀರು ಮಗುವಿಗೆ ಹೋಗುತ್ತದೆ, ಹೋದ ಉಪ್ಪು ತುಂಬುವುದಿಲ್ಲ. ಎರಡೂ ಬಗೆಯ ಪೊಟ್ಟಣ ಓಡಾಡುವ ಊರಾದರೆ ಎರಡರ ಚಿತ್ರವನ್ನೂ ನಿಜವಾದ ಗಾತ್ರದಲ್ಲಿ ಹಾಕಿ. ದೊಡ್ಡದರ ಪಕ್ಕದಲ್ಲಿ ಒಂದು ಬಾಟಲಿ, ಚಿಕ್ಕದರ ಪಕ್ಕದಲ್ಲಿ ಒಂದು ಲೋಟ. ಕೆಳಗೆ ಬರೆಯಬೇಕಾದ್ದು ಇಷ್ಟೇ: ‘ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ಬಾಟಲಿ ನೀರು. ಚಿಕ್ಕ ಪೊಟ್ಟಣಕ್ಕೆ ಒಂದು ಲೋಟ ನೀರು.’